ಡಬ್ಬಿಯ ತಳದ ಕಮಿಷನ್

ನಮ್ಮ ಕರಜಗಿ ಇರುವುದು ಮಹಾರಾಷ್ಟ್ರದ ಜತ್ತ ತಾಲೂಕಿನಲ್ಲಿ. ಸರಕಾರದ ಕಾಗದ ಮರಾಠಿಯಲ್ಲಿ ಬರುತ್ತದೆ, ಜಗಳ ಕನ್ನಡದಲ್ಲಿ ನಡೆಯುತ್ತದೆ. ಕಾಲನಿಯ 15 ಮನೆಯವರು ಕೂಡಿ ಕಿರಾಣಿ ಸಾಮಾನನ್ನು ಹೋಲ್‌ಸೇಲ್ ದರದಲ್ಲಿ ತರಿಸುವುದು, ಓಡಾಡುವವರಿಗೆ ನೂರಕ್ಕೆ 2 ರೂಪಾಯಿ ಕಮಿಷನ್ ಕೊಡುವುದು ಎಂದು ಠರಾವಾಯಿತು. ಓಡಾಟ ನನ್ನ ಹೆಂಡತಿಯ ಪಾಲಿಗೆ ಬಂತು, ಡಬ್ಬಿ ಹೊರುವುದು ನನ್ನ ಪಾಲಿಗೆ. ಹೊರುವುದಕ್ಕೆ ಕಮಿಷನ್ ಇರಲಿಲ್ಲ.

ಮೊದಲು ಬಂದದ್ದು 15 ಕಿಲೋ ಎಣ್ಣೆಯ ಡಬ್ಬಿ. ದರ 2250, ಕಮಿಷನ್ 45 ರೂಪಾಯಿ. ಎಲ್ಲರೂ ಲೀಟರ್ ಬಾಟಲಿ ತಂದರು, ಎಲ್ಲ ಬಾಟಲಿಗಳೂ ತುಂಬಿದವು. ಆದರೂ ಡಬ್ಬಿ ಅಲ್ಲಾಡಿಸಿದರೆ ಒಳಗೆ ಗುಳುಗುಳು.

"ವೈನಿ, 15 ಮಂದಿಗಿ ಹಂಚಿದ ಮ್ಯಾಲೂ ಇನ್ನ ಹೆಂಗ ಉಳೀತ್ರಿ?" ಎಂದರು ಎದುರುಮನೆಯವರು. ಆ ದನಿಯಲ್ಲಿ ಬೆರಗಿಗಿಂತ ಪಂಚನಾಮೆಯೇ ಹೆಚ್ಚಿತ್ತು.

ಒಂದು ಲೀಟರ್ ಅಡುಗೆ ಎಣ್ಣೆ ಸುಮಾರು 910 ಗ್ರಾಂ ತೂಗುತ್ತದೆ. 15 ಲೀಟರ್ ಅಳೆದು ಕೊಟ್ಟರೆ 13 ಕಿಲೋ 650 ಗ್ರಾಂ ಹೋದಂತೆ. ತಳದಲ್ಲಿ ಉಳಿದದ್ದು 1 ಕಿಲೋ 350 ಗ್ರಾಂ, ಅಂದರೆ ಸುಮಾರು 200 ರೂಪಾಯಿ. ಕಮಿಷನ್ನಿನ ನಾಲ್ಕು ಪಟ್ಟು! ಬಾಯಿ ಮುಚ್ಚಿಕೊಂಡಿದ್ದರೆ ನಮ್ಮ ಒಗ್ಗರಣೆ ತಿಂಗಳಿಡೀ ಪುಕ್ಕಟೆ ನಡೆಯುತ್ತಿತ್ತು. ಆದರೆ ಹೆಂಡತಿ ಎಲ್ಲರೆದುರು ಲೆಕ್ಕ ಬಿಚ್ಚಿಟ್ಟು ಉಳಿದದ್ದನ್ನೂ ಹಂಚಿದಳು.

ಮುಂದಿನ ತಿಂಗಳಿಂದ ಎಲ್ಲವೂ ತಕ್ಕಡಿಯಲ್ಲೇ ಎಂದು ಕಾಲನಿ ಪಟ್ಟು ಹಿಡಿಯಿತು. ಸರಿಯಾದ ಮಾತೇ. ಆದರೆ ಅಂಗಡಿಯವನು ಆ ಸಲ ಕಳಿಸಿದ್ದು 15 ಲೀಟರಿನ ಡಬ್ಬಿ. ಕಿಲೋದಂತೆ ತೂಗುತ್ತ ಹೋದರೆ 13 ಮನೆಗೆ ಸರಿಹೋಯಿತು, 14ನೆಯವರಿಗೆ 650 ಗ್ರಾಂ ಸಿಕ್ಕಿತು, 15ನೆಯವರ ಪಾಲಿಗೆ ಡಬ್ಬಿಯ ವಾಸನೆ. ಹೋದ ತಿಂಗಳು ಉಳಿದಾಗ ಹುಟ್ಟಿದ ಸಂಶಯ ಈ ತಿಂಗಳು ಕಡಿಮೆ ಬಿದ್ದಾಗ ಇಮ್ಮಡಿಯಾಯಿತು. ಡಬ್ಬಿ ಹೊತ್ತು ತಂದ ನನ್ನ ಹೆಗಲನ್ನೂ ಕೆಲವರು ಅನುಮಾನದಿಂದ ನೋಡಿದರು.

1844ರಲ್ಲಿ ಇಂಗ್ಲೆಂಡಿನ ರಾಚ್‌ಡೇಲ್‌ನಲ್ಲಿ ಕೂಡಿಕೊಂಡು ಅಂಗಡಿ ತೆಗೆದವರು ಮಿಕ್ಕದ್ದು ಯಾರ ಪಾಲಿಗೆ ಎಂಬುದಕ್ಕೊಂದು ಉಪಾಯ ಕಂಡುಕೊಂಡಿದ್ದರು: ಪೇಟೆಯ ದರಕ್ಕೇ ಮಾರುವುದು, ಮಿಕ್ಕ ಲಾಭವನ್ನು ಯಾರು ಎಷ್ಟು ಕೊಂಡಿದ್ದಾರೋ ಆ ಪ್ರಮಾಣದಲ್ಲಿ ಮರಳಿಸುವುದು. ಅವರು ಉದ್ರಿಯನ್ನೂ ಕೊಡುತ್ತಿರಲಿಲ್ಲ. ನಮ್ಮಲ್ಲಿ ಉದ್ರಿ ಇಲ್ಲವೆಂದರೆ ನೆಂಟಸ್ತನವೇ ಹರಿದೀತು. ಆದರೆ ಒಬ್ಬರ 600 ರೂಪಾಯಿ ಮುಳುಗಿತೆಂದರೆ 30,000 ರೂಪಾಯಿ ವ್ಯಾಪಾರದ ಕಮಿಷನ್ ಅದರೊಂದಿಗೆ ಮುಳುಗಿದಂತೆ. ಎಣ್ಣೆಯ ಲೆಕ್ಕ ಕೇಳಲು ಬೆಳಗಾಗುತ್ತಲೇ ಬಂದವರು ಉದ್ರಿಯ ಲೆಕ್ಕ ಬಂದಾಗ ಗುಡ್ಡಾಪುರದ ದಾನಮ್ಮನ ದರ್ಶನಕ್ಕೆ ಹೋಗಿರುತ್ತಾರೆ.

ಅದಕ್ಕೇ ಈಗ ರೊಕ್ಕ ಮುಂಗಡ, ಹಂಚಿಕೆ ತೂಕದಲ್ಲಿ, ಚೀಟಿ ಗೋಡೆಯ ಮೇಲೆ. ನೀವೂ ಇಂಥದಕ್ಕೆ ಕೈ ಹಾಕುವವರಿದ್ದರೆ, ಡಬ್ಬಿಯ ಮೇಲೆ 15 ಕಿಲೋ ಎಂದಿದೆಯೋ 15 ಲೀಟರ್ ಎಂದಿದೆಯೋ ಓದಿಯೇ ರೊಕ್ಕ ಎಣಿಸಿರಿ.