ಮೊದಲೇ ಒಪ್ಪಿಕೊಂಡವರು

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ತಾಲ್ಲೂಕುಗಳ ಸೀಮೆಯಲ್ಲಿ ಗೃಹಪ್ರವೇಶಕ್ಕೆ ಬಾರದವರನ್ನು ಸ್ಥೂಲವಾಗಿ ಮೂರು ಬಗೆಯಾಗಿ ವಿಂಗಡಿಸಬಹುದು: "ಬಂದs ಬರ್ತೀವಿ" ಎಂದು ಹೇಳಿ ಬಾರದವರು, "ನೋಡ್ತೀನ್ರಿ" ಎಂದು ಹೇಳಿ ಬಾರದವರು, ಮತ್ತು ಬರುವುದಿಲ್ಲವೆಂದು ಹೇಳಿ ಬಾರದವರು. ಮೊದಲಿನ ಎರಡು ಬಗೆಯವರು ಪ್ರತಿ ಓಣಿಯಲ್ಲೂ ಹೇರಳವಾಗಿ ದೊರೆಯುವುದರಿಂದ ಅವರ ಕುರಿತು ಹೆಚ್ಚಿನ ಅಧ್ಯಯನದ ಅಗತ್ಯವಿಲ್ಲ. ಮೂರನೆಯ ಬಗೆಯವರು ವಿರಳ. ಅಂಥವರೊಬ್ಬರು ಈ ಬರಹಗಾರನ ಗೋಡೆಗೆ ಗೋಡೆ ತಾಗಿದ ಮನೆಯಲ್ಲೇ ವಾಸವಾಗಿರುವ ಕಾರಣ ಪ್ರಸ್ತುತ ಬರಹದ ವಸ್ತುನಿಷ್ಠತೆಗೆ ಅಲ್ಲಲ್ಲಿ ಧಕ್ಕೆಯಾಗಿದ್ದರೆ ಓದುಗರು ಅದನ್ನು ಮನ್ನಿಸತಕ್ಕದ್ದು.

ಈ ವ್ಯಕ್ತಿಪ್ರಭೇದವು ಈ ಸೀಮೆಯಲ್ಲಿ ಏಕೆ ಹುಟ್ಟಿತೆಂಬುದನ್ನು ತಿಳಿಯಲು ಪಂಚಾಂಗವನ್ನು ನೋಡಬೇಕು. ಆಷಾಢ, ಭಾದ್ರಪದ, ಪುಷ್ಯಗಳಲ್ಲಿ ಹೊಸ ಮನೆಗೆ ಹೋಗುವವರಿಲ್ಲ. ಮಾಘ, ಫಾಲ್ಗುಣ, ವೈಶಾಖ, ಜ್ಯೇಷ್ಠಗಳು ಪ್ರಶಸ್ತವೆಂಬುದು ರೂಢಿ. ಮಳೆಯನ್ನೇ ನಂಬಿದ ಹೊಲಗಳ ಫಸಲು ಮಾಘದ ಹೊತ್ತಿಗೆ ಮಾರಾಟವಾಗಿ ಕೈಯಲ್ಲಿ ನಾಲ್ಕು ಕಾಸು ಆಡತೊಡಗುವುದರಿಂದ, ವರ್ಷವಿಡೀ ಗಿಲಾವು ಕಾಣದೆ ನಿಂತಿದ್ದ ಮನೆಗಳು ಒಮ್ಮೆಲೇ ಸುಣ್ಣಬಣ್ಣ ಬಳಿದುಕೊಂಡು ಮುಹೂರ್ತ ಕೇಳುತ್ತವೆ. ಆದರೆ ಅದೇ ಮಾಘದಲ್ಲಿ ಮೈಲಾರದ ಕಾರ್ಣಿಕವೂ ಕೊಟ್ಟೂರೇಶ್ವರನ ತೇರೂ ಬರುತ್ತವೆ, ತಿಂಗಳು ಮುಗಿಯುವ ಮೊದಲೇ ಶಿವರಾತ್ರಿಯೂ ಕುರುವತ್ತಿಯ ಜಾತ್ರೆಯೂ ಎದುರಾಗುತ್ತವೆ, ಮದುವೆಗಳಂತೂ ಲೆಕ್ಕಕ್ಕೆ ಸಿಗುವುದಿಲ್ಲ. ಇವೆಲ್ಲ ಕಳೆದು ಉಳಿದ ಕೆಲವೇ ಮುಹೂರ್ತಗಳಿಗೆ ಪುರೋಹಿತರು, ಜಂಗಮರು, ಅಡುಗೆಯವರು, ಶಾಮಿಯಾನದವರು ಹಂಚಿಹೋಗುವುದರಿಂದ ಒಬ್ಬ ಮನುಷ್ಯನಿಗೆ ಒಂದೇ ಬೆಳಿಗ್ಗೆ ಮೂರು ಕಡೆಯ ಕರೆ ಬರುವುದು ಇಲ್ಲಿ ಅಪರೂಪದ ಸಂಗತಿಯಲ್ಲ.

ಇಂಥ ಸಂದರ್ಭದಲ್ಲಿ ಜಾಣರು ಮೂರೂ ಕಡೆ ಮುಖ ತೋರಿಸುತ್ತಾರೆ. ಒಂದು ಕಡೆ ನಾಷ್ಟಾ, ಇನ್ನೊಂದು ಕಡೆ ಅಕ್ಷತೆ, ಮತ್ತೊಂದು ಕಡೆ ಊಟ ಎಂದು ಮೋಟಾರ್ ಬೈಕಿನ ಮೇಲೆ ತಿರುಗಿ ಎಲ್ಲೆಡೆಯೂ ಮುಯ್ಯಿ ಬರೆಸುತ್ತಾರೆ. ಮುಯ್ಯಿ ಎಂದರೆ ಕಾರ್ಯ ಮಾಡಿದವರಿಗೆ ಬಂದವರು ಕೊಡುವ ಹಣ ಅಥವಾ ವಸ್ತು. ಅದನ್ನು ಬಾಗಿಲ ಬಳಿ ಕುಳಿತ ಒಬ್ಬರು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಾರೆ, ಮುಂದೆ ಕೊಟ್ಟವರ ಮನೆಯಲ್ಲಿ ಕಾರ್ಯವಾದಾಗ ಆ ಪುಟವನ್ನು ತೆರೆದು ನೋಡಿ ಅಷ್ಟನ್ನೋ ತುಸು ಹೆಚ್ಚನ್ನೋ ಹಿಂತಿರುಗಿಸುತ್ತಾರೆ. ಈ ವ್ಯವಸ್ಥೆಯಲ್ಲಿ ಪಾದಗಳು ಹೊಸ್ತಿಲು ದಾಟಿದ್ದಕ್ಕಿಂತ ಹೆಸರು ಪುಟ ಸೇರಿದ್ದು ಮುಖ್ಯವಾಗಿರುವುದರಿಂದ ಮೋಟಾರ್ ಬೈಕಿನವರನ್ನು ಯಾರೂ ಆಕ್ಷೇಪಿಸುವುದಿಲ್ಲ.

ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ಮಾತ್ರ ಇದನ್ನು ಒಪ್ಪುವವರಲ್ಲ. ಯಾರ ಕರೆ ಮೊದಲು ಬಂತೋ ಆ ದಿನ ಪೂರ್ತಿ ಅವರದು ಎಂಬುದು ಅವರ ನಿಯಮವಾಗಿದ್ದು, ಅದಕ್ಕೆ ಸಾಕ್ಷಿಯಾಗಿ ಅವರ ನಡುಮನೆಯ ಗೋಡೆಯಲ್ಲಿ ಕೆಂಪು ಶಾಯಿಯ ಗೀಟುಗಳಿಂದ ತುಂಬಿದ ಕ್ಯಾಲೆಂಡರೊಂದು ತೂಗುತ್ತಿರುತ್ತದೆ. ಮೊದಲು ಬಂದ ಕರೆ ಮಿರ್ಚಿ ಅಂಗಡಿಯ ಉದ್ಘಾಟನೆಯಾಗಿದ್ದು ಎರಡನೆಯದು ಹತ್ತಿರದ ಬೀಗರ ಮನೆಯ ಮದುವೆಯಾಗಿದ್ದರೂ ಅವರು ಮಿರ್ಚಿ ಅಂಗಡಿಗೇ ಹೋಗುತ್ತಾರೆಂಬುದು ಓಣಿಗೆಲ್ಲ ತಿಳಿದ ವಿಷಯ. ಹಾಗೆ ಹೋಗಿ ಒಂದು ಪ್ಲೇಟು ಒಗ್ಗರಣೆ ಮಂಡಕ್ಕಿಯ ಮುಂದೆ ಮಧ್ಯಾಹ್ನದವರೆಗೆ ಕುಳಿತಿದ್ದುದನ್ನು ಕಂಡವರೂ ಇದ್ದಾರೆ. ಅವರು ಮಿತಭಾಷಿಗಳಲ್ಲ, ಸಾಲ ಕೊಡುವವರೂ ಅಲ್ಲ, ಬೀದಿಯ ನಲ್ಲಿಯ ಸರದಿಯಲ್ಲಿ ನ್ಯಾಯ ಹೇಳುವ ಅಭ್ಯಾಸ ಅವರಿಗೆ ಇನ್ನೂ ಹೋಗಿಲ್ಲ. ಇವನ್ನೆಲ್ಲ ಸಹಿಸಬಹುದು.

ಸಹಿಸಲು ಕಷ್ಟವಾದದ್ದು ಅವರ ನಿರಾಕರಣೆಯ ವಿಧಾನ. ಈ ಸೀಮೆಯಲ್ಲಿ ಹೇಳಿಕೆ, ಅಂದರೆ ಮನೆಮನೆಗೆ ಹೋಗಿ ಕಾರ್ಯಕ್ಕೆ ಕರೆಯುವ ಕ್ರಮ, ದಂಪತಿಗಳು ಕುಂಕುಮದ ಬಟ್ಟಲು ಹಿಡಿದು ಹೋಗಿ "ಅವತ್ತು ಒಲಿ ಹಚ್ಚಬ್ಯಾಡ್ರಿ, ಮನಿಗೆ ಬೀಗ ಹಾಕ್ಕೊಂಡು ಬರ್ರಿ" ಎಂದು ಹೇಳುವುದರೊಂದಿಗೆ ಪೂರ್ಣವಾಗುತ್ತದೆ; ಕರೆಸಿಕೊಂಡವರು "ಆತು ಬಿಡ್ರಿ" ಎಂದರೆ ಮುಗಿಯಿತು. ಬರಹಗಾರನ ಹೊಸ ಮನೆಯ ಹೇಳಿಕೆಯ ದಿನ ಮೇಷ್ಟ್ರು ಪತ್ರಿಕೆಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ಕನ್ನಡಕ ಹುಡುಕಿಸಿ, ಮೇಲಿನ "ಶ್ರೀ ಗುರು ಕೊಟ್ಟೂರೇಶ್ವರ ಪ್ರಸನ್ನ"ದಿಂದ ಕೆಳಗಿನ ಪ್ರೆಸ್ಸಿನ ಹೆಸರಿನವರೆಗೆ ಗಟ್ಟಿಯಾಗಿ ಓದಿದರು. ಪ್ರೆಸ್ಸಿನವರು 'ಗೃಹ'ವನ್ನು 'ಗ್ರಹ' ಮಾಡಿದ್ದು ಆಗ ಬೆಳಕಿಗೆ ಬಂತು. "ಗ್ರಹ ಪ್ರವೇಶ ಆದ್ರ ಶಾಂತಿ ಮಾಡಿಸ್ಬೇಕಾಗ್ತೈತಲ್ಲೋ ತಮ್ಮಾ" ಎಂದು ಅವರು ಹೇಳುವ ಹೊತ್ತಿಗೆ ಅಂಥವೇ ಪತ್ರಿಕೆಗಳು ಅರ್ಧ ಊರಿಗೆ ಹಂಚಿಕೆಯಾಗಿದ್ದವು. ಅನಂತರ ಅವರು ಎದ್ದು ಕ್ಯಾಲೆಂಡರಿನ ಬಳಿ ಹೋಗಿ ಕೆಂಪು ಗೀಟಿನ ಮೇಲೆ ಬೆರಳಿಟ್ಟು, ಹಳೆಯ ಶಿಷ್ಯನೊಬ್ಬನ ಮಗನ ಜವಳ, ಅಂದರೆ ಮಗುವಿನ ಮೊದಲ ಕೂದಲು ತೆಗೆಸುವ ಕಾರ್ಯ, ಅದೇ ಬೆಳಿಗ್ಗೆ ಕುರುವತ್ತಿಯಲ್ಲಿದೆಯೆಂದೂ ದೀಪಾವಳಿಯಂದೇ ಒಪ್ಪಿಕೊಂಡದ್ದೆಂದೂ ತಾವೂ ಮನೆಯವರೂ ಬರಲಾಗುವುದಿಲ್ಲವೆಂದೂ ತೀರ್ಪು ಓದಿದರು. ಕೂದಲು ಒಂದು ವಾರ ಹೆಚ್ಚು ಬೆಳೆದರೆ ಯಾರಿಗೆ ನಷ್ಟವೆಂಬ ಪ್ರಶ್ನೆ ಬರಹಗಾರನ ನಾಲಿಗೆಯ ತುದಿಯವರೆಗೆ ಬಂದಿತ್ತು. ಕೈಯಲ್ಲಿ ಕುಂಕುಮದ ಬಟ್ಟಲು ಇದ್ದುದರಿಂದ ಅದು ಅಲ್ಲೇ ಉಳಿಯಿತು.

ವಿಷಯವನ್ನು ಅಡುಗೆಯ ಕಡೆಯಿಂದ ನೋಡಿದರೆ ಚಿತ್ರ ಬೇರೆಯಾಗಿ ಕಾಣುತ್ತದೆ. ಅಡುಗೆಯವರು ಕೇಳುವುದು ಜನವನ್ನಲ್ಲ, "ಎಷ್ಟು ಎಲಿ?" ಎಂದು, ಗೋಧಿ ಹುಗ್ಗಿಗೆ ಎಷ್ಟು ಬೆಲ್ಲ ಕರಗಿಸಬೇಕು, ಬದನೆಕಾಯಿ ಎಷ್ಟು ತರಿಸಬೇಕು ಎಂಬುದೆಲ್ಲ ಆ ಎಲೆಯ ಲೆಕ್ಕದ ಮೇಲೆ ನಿಲ್ಲುತ್ತದೆ. "ನೋಡ್ತೀನಿ" ಎಂದವರ ಮಾತು ಮೈಲಾರದ ಡೆಂಕನಮರಡಿಯಲ್ಲಿ ಗೊರವಯ್ಯ ಬಿಲ್ಲೇರಿ ನುಡಿಯುವ ಕಾರ್ಣಿಕದಂತೆ, ಅಂದರೆ ವರ್ಷದ ಭವಿಷ್ಯವೆಂದು ನಂಬಲಾಗುವ ಒಂದೇ ಸಾಲಿನ ನುಡಿಯಂತೆ, ಮಳೆಗೂ ಬೆಳೆಗೂ ರಾಜಕೀಯಕ್ಕೂ ಬೇಕಾದ ಹಾಗೆ ಹೊಂದಿಕೊಳ್ಳುತ್ತದೆಯೇ ಹೊರತು ಎಲೆಯ ಲೆಕ್ಕಕ್ಕೆ ಒದಗುವುದಿಲ್ಲ. ಮೇಷ್ಟ್ರಾದರೋ, ಮನೆಯ ಐದು ಎಲೆಗಳಲ್ಲಿ ಎರಡನ್ನು ಕಳೆಯಬೇಕು, ಮಗ ಸೊಸೆ ಮೊಮ್ಮಗ ಬರುತ್ತಾರೆ, ಮೊಮ್ಮಗ ಹುಗ್ಗಿ ಮುಟ್ಟುವುದಿಲ್ಲ, ಅವನಿಗೆ ಅನ್ನಕ್ಕೆ ಮೊಸರಿರಲಿ ಎಂಬಷ್ಟು ವಿವರ ಕೊಟ್ಟಿದ್ದರು. ಸುಳ್ಳು ನೆಪ ಹೇಳುವವರು ಮೊದಲು "ಎಂದೈತ್ರಿ?" ಎಂದು ದಿನ ಕೇಳಿಕೊಂಡು ಆಮೇಲೆ ಕೆಲಸವನ್ನು ನೆನಪಿಸಿಕೊಳ್ಳುತ್ತಾರೆ, ಮತ್ತೆ ಸಿಕ್ಕಾಗ ಆ ಕೆಲಸ ತುಸು ದೊಡ್ಡದಾಗಿರುತ್ತದೆ. ಕೊಟ್ಟೂರು ತೇರಿನ ನೆಪ ಹೇಳಿದವರಂತೂ ಸಿಕ್ಕಿಬೀಳುವುದು ಖಚಿತ, ಏಕೆಂದರೆ ತೇರಿನ ದಿನ ಈ ಸೀಮೆಯ ಮಕ್ಕಳಿಗೂ ಗೊತ್ತು, ಆ ದಿನ ಯಾರೂ ಮುಹೂರ್ತವನ್ನೇ ಇಟ್ಟುಕೊಳ್ಳುವುದಿಲ್ಲ. ಮೇಷ್ಟ್ರ ಜವಳ ಮಾತ್ರ ಎಷ್ಟು ಸಲ ಕೇಳಿದರೂ ಅಷ್ಟೇ ಗಾತ್ರದಲ್ಲಿತ್ತು.

ಇನ್ನು ಅವರ ಆಶೀರ್ವಾದದ ಮಾತು. ಗೃಹಪ್ರವೇಶದ ಹಿಂದಿನ ಸಂಜೆ, ಒಳಗೆ ವಾಸ್ತುಹೋಮಕ್ಕೆ ಇಟ್ಟಿಗೆ ಜೋಡಿಸುತ್ತಿದ್ದಾಗ, ಹೊರಗೆ ಏಣಿಯ ಮೇಲೆ ಪೇಂಟರ್ ಕೊನೆಯ ಕೋಟು ಬಳಿಯುತ್ತಿದ್ದಾಗ, ಮೇಷ್ಟ್ರು ಪತ್ನಿಯೊಂದಿಗೆ ಬಂದರು; ಪತ್ನಿಯ ಕೈಯಲ್ಲಿ ಹಡಗಲಿ ಮಲ್ಲಿಗೆಯ ದಂಡೆ, ಮೇಷ್ಟ್ರ ಕೈಯಲ್ಲಿ ಬೆಳ್ಳಿ ಅಂಚಿನ ಒಂದು ಲಕೋಟೆ. ಹೊಸ್ತಿಲ ಪೂಜೆ ಆಗದೆ ಒಳಗೆ ಕಾಲಿಡುವುದು ಸಲ್ಲದೆಂದು ಬಾಗಿಲ ಹೊರಗೇ ನಿಂತು ಅವರು ಮನೆಯನ್ನು ಹರಸತೊಡಗಿದರು. ಸಾಮಾನ್ಯ ಜನ "ಸುಖವಾಗಿರ್ರಿ" ಎನ್ನುವಲ್ಲಿ ಇವರು ಕೋಣೆಕೋಣೆಯಾಗಿ ಹರಸಿದರು. ಬೋರಿನ ನೀರು ಬೇಸಿಗೆಯಲ್ಲೂ ಬತ್ತದಿರಲಿ, ಹಾಲು ಉಕ್ಕಿದ ಒಲೆಯಲ್ಲಿ ಬಂದವರಿಗೆಲ್ಲ ರೊಟ್ಟಿ ಬೇಯಲಿ, ಪಡಸಾಲೆಯಲ್ಲಿ ಜಗಳ ಬಂದರೂ ಅದು ಹೊಸ್ತಿಲು ದಾಟದಿರಲಿ, ಮಕ್ಕಳ ಕೋಣೆಯಲ್ಲಿ ಪುಸ್ತಕದ ಸದ್ದು ಕೇಳಲಿ, ತಾರಸಿ ಸೋರದಿರಲಿ. ಸೋರುವ ಮಾತು ಬಂದಾಗ ಅವರ ಕಣ್ಣು ಉತ್ತರದ ಗೋಡೆಯ ಮೇಲ್ತುದಿಗೆ ಹೋಗಿ ಅಲ್ಲೇ ನಿಂತಿತು. "ಮ್ಯಾಲಿನ ನೀರು ಹೋಗೋ ಪೈಪು ಗ್ವಾಡಿಗೆ ಭಾಳ ಹತ್ತ್ಯಾರ, ನೋಡಪಾ. ಮಳಿಗಾಲದಾಗ ಇಲ್ಲಿ ಹಸಿ ಏರ್ತೈತಿ." ಪೇಂಟರ್ ಏಣಿಯ ಮೇಲಿಂದಲೇ ತಲೆ ಆಡಿಸಿದ; ಗೌಂಡಿ ಆ ದಿನ ಅಲ್ಲಿರಲಿಲ್ಲ. ಆಶೀರ್ವಾದವನ್ನು ಇನ್ನೊಬ್ಬರ ಮನೆಯ ದೋಷಪಟ್ಟಿಯಾಗಿಯೂ ಬಳಸಬಹುದೆಂಬುದು ಅಂದು ಬರಹಗಾರನಿಗೆ ಮನವರಿಕೆಯಾಯಿತು, ರಾತ್ರಿ ಹೋಮದ ಹೊಗೆಯಲ್ಲಿ ಕುಳಿತಾಗಲೂ ಅವನ ಕಣ್ಣು ಪದೇಪದೇ ಉತ್ತರದ ಗೋಡೆಯ ಕಡೆಗೇ ಹೋಗುತ್ತಿತ್ತು.

ಮರುದಿನ ಎಲ್ಲವೂ ಪದ್ಧತಿಯಂತೆ ನಡೆಯಿತು. ಹೆಂಗಸರು ಗಂಗೆಪೂಜೆ ಮಾಡಿ ಕೊಡದಲ್ಲಿ ನೀರು ತಂದರು, ಕರುವಿನೊಂದಿಗೆ ಆಕಳು ಒಳಗೆ ಬಂದು ಹೊಸ ಟೈಲ್ಸಿನ ಮೇಲೆ ಕಾಲು ಜಾರಿ ಸಾವರಿಸಿಕೊಂಡಿತು, ಜಂಗಮರ ಪಾದಪೂಜೆಯಾಯಿತು, ಹಾಲು ಉಕ್ಕಿತು. ಜನ ಬಂದರು, ಮುಯ್ಯಿ ಬರೆಸಿದರು, ಉಂಡರು, ಕೈ ತೊಳೆಯುವ ನೀರು ಎಲ್ಲಿದೆಯೆಂದು ಕೇಳಿದರು, ಬಸ್ಸಿನ ಹೊತ್ತಾಯಿತೆಂದು ಹೋದರು. ಬಂದವರಲ್ಲಿ ಗೋಡೆಯನ್ನಾಗಲಿ ಪೈಪನ್ನಾಗಲಿ ಮಕ್ಕಳ ಕೋಣೆಯನ್ನಾಗಲಿ ತಲೆಯೆತ್ತಿ ನೋಡಿದವರು ಯಾರೂ ಇರಲಿಲ್ಲ. ನೋಡಬೇಕಾದ ಕಾರಣವೂ ಅವರಿಗಿರಲಿಲ್ಲ. ರಾತ್ರಿ ಮುಯ್ಯಿಯ ಪುಸ್ತಕ ತೆರೆದಾಗ ಮೊದಲ ಸಾಲಿನಲ್ಲಿದ್ದುದು ಬಾರದ ಮೇಷ್ಟ್ರ ಹೆಸರೇ, ಏಕೆಂದರೆ ಅವರ ಲಕೋಟೆ ಎಲ್ಲರಿಗಿಂತ ಒಂದು ದಿನ ಮೊದಲು ಬಂದಿತ್ತು. ಬಾರದವರನ್ನು ಹಳಿಯುತ್ತ ಉಣ್ಣುವುದು ಈ ಸೀಮೆಯ ಪಂಕ್ತಿಗಳಲ್ಲಿ ಒಂದು ವ್ಯಂಜನದಷ್ಟೇ ಖಾಯಂ ಆಗಿದ್ದರೂ ಅಂದಿನ ಪಂಕ್ತಿಯಲ್ಲಿ ಅವರ ಹೆಸರು ಬರಲಿಲ್ಲವೆಂಬುದನ್ನು ಇಲ್ಲಿ ದಾಖಲಿಸಬೇಕು. ಕುರುವತ್ತಿಗೆ ಹೋಗಿದ್ದಾರೆಂಬುದು ಎಲ್ಲರಿಗೂ ಗೊತ್ತಿತ್ತು. ಮಕ್ಕಳು ಪಟ್ಟಣ ಸೇರಿ, ಕರೆಗಳು ಮೊಬೈಲಿನಲ್ಲಿ ಬಂದು, ಉತ್ತರಕ್ಕೆ ಕೈಮುಗಿಯುವ ಒಂದು ಚಿತ್ರ ಸಾಕಾಗಿರುವ ಈ ಕಾಲದಲ್ಲಿ ಬರುವುದಿಲ್ಲವೆಂದು ಹೇಳಿಯೂ ಹರಸುವುದಕ್ಕೆ ಹೆಂಡತಿಯೊಂದಿಗೆ ಮನೆಯವರೆಗೆ ನಡೆದು ಬರುವವರು ಇನ್ನೆಷ್ಟು ದಿನ ಸಿಗುತ್ತಾರೋ ತಿಳಿಯದು, ಸಿಗುವವರೆಗೆ ಅವರ ಮಾತು ಉದ್ದವಾಯಿತೆಂದು ದೂರುವುದೂ ತಪ್ಪುವುದಿಲ್ಲ.

ಮುಂಗಾರಿನ ಮೊದಲ ದೊಡ್ಡ ಮಳೆಯ ಮರುದಿನ ಮೇಷ್ಟ್ರು ಹೊಸ ಮನೆಯೊಳಗೆ ಮೊದಲ ಬಾರಿಗೆ ಕಾಲಿಟ್ಟು ನೇರವಾಗಿ ಉತ್ತರದ ಗೋಡೆಯ ಬಳಿಗೆ ಹೋದರು. ಅಲ್ಲಿ ಅಂಗೈಯಗಲದ ಹಸಿ ಮೂಡಿತ್ತು. ಅವರು ಅದನ್ನು ಬೆರಳಿನಿಂದ ಮುಟ್ಟಿ ನೋಡಿ, ತಮ್ಮ ಮೊಗದಲ್ಲಿ ಮೂಡಿದ ಸಂತೋಷವನ್ನು ಮರೆಮಾಚಲು ಸಾಕಷ್ಟು ಶ್ರಮಿಸಿ, ಪೈಪನ್ನು ಒಂದು ಮೊಳ ಹೊರಗೆ ಚಾಚಿಸಿದರೆ ಸಾಕೆಂದು ಸಲಹೆ ಕೊಟ್ಟು, ಮನೆಯನ್ನು ಮತ್ತೊಮ್ಮೆ ಹರಸಿದರು. ಚಹಾ ಇಡಲೇ ಎಂದು ಒಳಗಿನಿಂದ ಕೇಳಿದಾಗ ಎರಡೂ ಕೈ ಜೋಡಿಸಿ ಹೇಳಿದರು: "ಬ್ಯಾಡವ್ವಾ, ಎದುರು ಮನ್ಯಾಗ ಮುಂಜಾನೇನ ಒಪ್ಕೊಂಡೀನಿ."