ಜೂಮಪ್ಪ

ನಮ್ಮೂರ ಬಸ್‌ಸ್ಟ್ಯಾಂಡ್ ಎದುರಿನ ಸ್ಟುಡಿಯೋದವನಿಗೆ ಅಪ್ಪ ಅಮ್ಮ ಇಟ್ಟ ಹೆಸರು ಬೇರೆ, ನಾನಿಟ್ಟದ್ದು ಜೂಮಪ್ಪ. ಗಿರಾಕಿಗಳು ಅವನ ಮುಖಕ್ಕಿಂತ ಬೆನ್ನು ನೋಡಿದ್ದೇ ಹೆಚ್ಚು. ಮಾನಿಟರಿಗೂ ಅವನ ಮೂಗಿಗೂ ಒಂದು ಗೇಣು ದೂರ. ಪರದೆಯ ತುಂಬ ಯಾರದೋ ಕೆನ್ನೆ, 300 ಪರ್ಸೆಂಟಿನಲ್ಲಿ. ಅಷ್ಟು ಹಿಗ್ಗಿಸಿದರೆ ಮದುಮಗಳ ಕೆನ್ನೆಯೂ ಮಳೆಗಾಲ ಕಳೆದ ರಸ್ತೆಯಂತೆ ಕಾಣುತ್ತದೆ. ಜೂಮಪ್ಪ ಹೀಲಿಂಗ್ ಬ್ರಷ್ ಹಿಡಿದು ಒಂದೊಂದೇ ಗುಂಡಿ ಮುಚ್ಚುತ್ತ ಸಾಗುತ್ತಾನೆ. ಚಹಾ ಆರಿರುತ್ತದೆ, ಬಿಲ್ ಬರೆಯುವುದು ಮರೆತಿರುತ್ತದೆ. ಇಂಥವರು ಎಲ್ಲ ಊರಲ್ಲೂ ಇದ್ದಾರೆ. ನನ್ನ ಪಾಲಿಗೆ ಬಂದವನು ಇವನು.

ಅಪ್ಪನ ಅರವತ್ತರ ಶಾಂತಿಯ ಫೋಟೊಗಳನ್ನು ಅವನಿಗೇ ಒಪ್ಪಿಸಿದ್ದೆ. ಅಪ್ಪ ಅಮ್ಮ ಜೊತೆಗೆ ಕೂತದ್ದೊಂದನ್ನು ದೊಡ್ಡದು ಮಾಡಿಸಿ ಕಟ್ಟು ಹಾಕಿಸಿ ತಂದೆ. ಅಮ್ಮ ಕನ್ನಡಕ ಸರಿಮಾಡಿಕೊಂಡು ನೋಡಿ, "ಇವಳ್ಯಾರೋ? ನಿಮ್ಮಪ್ಪನ ಪಕ್ಕ ಕೂತಿದ್ದಾಳಲ್ಲ!" ಎಂದಳು. ಅಪ್ಪ, "ನಂಗೇನೂ ಅಡ್ಡಿಯಿಲ್ಲ" ಎಂದರು.

ತುಟಿಯ ಪಕ್ಕದ ಮಚ್ಚೆ ಮಾಯವಾಗಿತ್ತು, ಕಣ್ಣಂಚಿನ ಗೆರೆಗಳೂ ಇರಲಿಲ್ಲ. ಮುಖಕ್ಕೆ ಇಪ್ಪತ್ತು, ಕುತ್ತಿಗೆಗೆ ಐವತ್ತೆಂಟು. ಮುಡಿದ ಮಲ್ಲಿಗೆಯಲ್ಲಿ ಬಾಡಿದ ಕಡೆಗೆಲ್ಲ ಕ್ಲೋನ್ ಮಾಡಿದ್ದರಿಂದ ಒಂದೇ ಮೊಗ್ಗು ಒಂದೇ ಓರೆಯಲ್ಲಿ ಐದು ಸಲ ಕೂತಿತ್ತು. ಸಾಲದ್ದಕ್ಕೆ ಇಬ್ಬರಿಗೂ ಅರಿಸಿನ ಸ್ನಾನ ಮಾಡಿಸಿದಂಥ ಬಣ್ಣ.

ಜಗಳಕ್ಕೆಂದೇ ಹೋದೆ. ಅವನು 300ರಲ್ಲಿ ಕೆನ್ನೆ ತೋರಿಸಿ, "ನೋಡಿ ಸಾರ್, ಒಂದು ಚುಕ್ಕೆ ತೋರ್ಸಿ" ಎಂದ. ನಿಜ, ಒಂದೂ ಇರಲಿಲ್ಲ. ಕೆನ್ನೆಯೂ ಇರಲಿಲ್ಲ, ಅಲ್ಲಿದ್ದದ್ದು ಮೇಣ.

ಅವನ ಲೆಕ್ಕ ತಪ್ಪಿದ್ದು ಎಲ್ಲೆಂದು ಮೆಲ್ಲಗೆ ಹೊಳೆಯಿತು. ಅವನ ಕ್ಯಾಮೆರಾದ ಚಿತ್ರ 6000 ಪಿಕ್ಸೆಲ್ ಅಗಲ, 4000 ಎತ್ತರ. ಪರದೆ 1920ಕ್ಕೆ 1080. 100 ಪರ್ಸೆಂಟಿನಲ್ಲೇ ಚಿತ್ರದ ಹತ್ತನೇ ಒಂದು ಪಾಲೂ ಕಾಣುವುದಿಲ್ಲ. 300ರಲ್ಲಿ ಕೇಳಬೇಕೆ? ಕೆನ್ನೆ ಕಾಣುವಾಗ ಕುತ್ತಿಗೆ ಕಾಣದು, ಒಂದು ಮೊಗ್ಗು ಕಾಣುವಾಗ ಉಳಿದ ನಾಲ್ಕು ಕಾಣವು. `Ctrl+0` ಒತ್ತಿ ಇಡೀ ಚಿತ್ರ ಪರದೆಗೆ ಹಿಡಿಸುವಂತೆ ಮಾಡಿದ್ದರೆ ಅಮ್ಮ ಕಂಡದ್ದು ಅವನಿಗೂ ಕಾಣುತ್ತಿತ್ತು.

ಹಾಗಂತ ಅದೊಂದೇ ಸಾಲದು ಎಂಬುದನ್ನು ನನಗೆ ಕಲಿಸಿದವನೂ ಅವನೇ. "ಪರದೆಗೆ ಕುಗ್ಸಿದ್ರೆ ಹದಿಮೂರು ಹದಿನಾಲ್ಕು ಚುಕ್ಕೆ ಸೇರಿ ಒಂದಾಗುತ್ತೆ ಸಾರ್, ಕೊಳೆಯೆಲ್ಲ ಅಡಗಿ ಕೂರುತ್ತೆ" ಎಂದು `Ctrl+1` ಒತ್ತಿದ. 100 ಪರ್ಸೆಂಟು, ಚಿತ್ರದ ಒಂದು ಚುಕ್ಕೆಗೆ ಪರದೆಯ ಒಂದು ಚುಕ್ಕೆ. ಅಪ್ಪನ ಕಿವಿಯ ಸುತ್ತ ಶಾರ್ಪ್ ಮಾಡಿದ್ದು ಹೆಚ್ಚಾಗಿ ಬಿಳಿ ಗೆರೆ ಎದ್ದಿತ್ತು. ತೋರಿಸಲು ಹೋಗಿ ತಾನೇ ಸಿಕ್ಕಿಬಿದ್ದ.

ಅರಿಸಿನದ ಗುಟ್ಟು ಬಿಡಿಸಿದ್ದು ಅವನ ಹೆಂಡತಿ. ಚಹಾ ತಂದವರು ಬಾಗಿಲಲ್ಲೇ ನಿಂತು, "ರೀ, ಇವರಿಗೇನು ಕಾಮಾಲೆಯಾ?" ಎಂದರು. ಅವನು ತಾಸುಗಟ್ಟಲೆ ಕೂತು ಸ್ವಲ್ಪ ಸ್ವಲ್ಪವೇ ಬೆಚ್ಚನೆಯ ಬಣ್ಣ ಏರಿಸುತ್ತಿದ್ದ. ಏರಿಸಿದಷ್ಟಕ್ಕೂ ಕಣ್ಣು ಒಗ್ಗಿಕೊಂಡು, ಇದೇ ಸಹಜ ಎನ್ನುತ್ತಿತ್ತು. ಆಯಮ್ಮನ ಕಣ್ಣು ಅಡುಗೆಮನೆಯಿಂದ ಆಗಷ್ಟೇ ಬಂದದ್ದು.

ಪುಣ್ಯಕ್ಕೆ ತಿದ್ದಿದ್ದೆಲ್ಲ ಬೇರೆ ಲೇಯರಿನಲ್ಲಿತ್ತು. `Alt` ಹಿಡಿದು ಮೂಲ ಲೇಯರಿನ ಕಣ್ಣಿನ ಗುರುತು ಒತ್ತಿದ. ತಿದ್ದುವ ಮುಂಚಿನ ಅಮ್ಮ, ಮಚ್ಚೆ ಸಮೇತ, ಎದುರಿಗೆ ಬಂದಳು. ನನಗೆ ಮಾತು ಬರಲಿಲ್ಲ. ಅವನೂ ಸುಮ್ಮನಾದ. ಆಮೇಲೆ, "ನಮ್ಮಪ್ಪ ನೆಗೆಟಿವ್ ಮೇಲೆ ಪೆನ್ಸಿಲಲ್ಲಿ ತಿದ್ತಿದ್ರು ಸಾರ್. ಪ್ರಿಂಟ್ ಹಾಕಿ ಗೋಡೆಗೆ ಅಂಟ್ಸಿ, ಬೆಳಿಗ್ಗೆ ಸ್ನಾನ ಆದ್ಮೇಲೇ ನೋಡೋರು. ನಂಗೆ ಸಂಜೆಯೊಳಗೆ ನಾಲ್ಕು ಆಲ್ಬಂ" ಎಂದ. ಜಗಳ ಅಲ್ಲಿಗೆ ಮುಗಿಯಿತು.

ಮಚ್ಚೆ ವಾಪಸು ಬಂತು. ಕಣ್ಣಂಚಿನ ಗೆರೆಗಳ ಲೇಯರನ್ನು 100ರಿಂದ 40ಕ್ಕೆ ಇಳಿಸಿದ, ಗೆರೆ ಉಳಿದವು, ಸುಸ್ತು ಹೋಯಿತು. ಎರಡು ಮೊಗ್ಗು ಬಾಡಿದ್ದು ಬಾಡಿದಂತೆಯೇ ಬಿಟ್ಟ. ಬಣ್ಣ ಮಾತ್ರ ಆವತ್ತು ಮುಟ್ಟಲಿಲ್ಲ, ಮಾರನೆಯ ದಿನ ಅಂಗಡಿ ತೆಗೆದ ಕೂಡಲೇ, ದೂರ ನಿಂತು ಒಮ್ಮೆ ನೋಡಿ ಇಳಿಸಿದನಂತೆ.

ಫೋಟೊ ಈಗ ನಡುಮನೆಯಲ್ಲಿದೆ. ಹಿಂದೆ ನಿಂತ ನನ್ನ ತಲೆಯ ಮೇಲೆ ದಟ್ಟವಾಗಿ ಕೂದಲಿದೆ. ಅದು ಜೂಮಪ್ಪನ ತಪ್ಪಲ್ಲ, ನಾನೇ ಕೇಳಿ ಹಾಕಿಸಿಕೊಂಡದ್ದು. ಬಾಗಿಲಲ್ಲಿ ಚಪ್ಪಲಿ ಬಿಡುವಾಗಲೇ ಎಲ್ಲರಿಗೂ ಗೊತ್ತಾಗುತ್ತದೆ.