‘ಪ್ರೂವ್’ ಮಾಡಿದ್ರಾ ಮಾರಾಯ್ರೆ?

ಕಾಪು ಮಾರಿಪೂಜೆಗೆ ಬರ್ತೀರಾ ಅಂತ ಕೇಳಿದ್ರೆ ನೀವೆಂತ ಹೇಳೋದು? “ನೋಡುವ, ಬಂದ್ರೂ ಬಂದೆ.” ಮಳೆ ಬರ್ತದಾ? “ಬರ್ಲಿಕ್ಕೂ ಸಾಕು.” ಖಡಾಖಂಡಿತ ಮಾತು ನಿಮ್ಮ ಬಾಯಲ್ಲಿ ಬರೋದೇ ಇಲ್ಲ. ಅದೇ ಮಣಿಪಾಲದಲ್ಲಿ ಲ್ಯಾಪ್‌ಟಾಪ್ ತೆರೆದು ಪೇಪರ್ ಬರೀಲಿಕ್ಕೆ ಕೂತ ಕೂಡ್ಲೇ ಶುರು: “ದಿಸ್ ಸ್ಟಡಿ ಪ್ರೂವ್ಸ್!” (ಯಾರಿಗೆ ಹೆದರಿಸೋದು ಇದು?)

ಒಂದು ಲೆಕ್ಕ ಹಿಡಿಯುವ, ಸುಮ್ಮನೆ ಉದಾಹರಣೆಗೆ. ಕಾರ್ಕಳ ಕಡೆ ಗೇರುಬೀಜದ ಫ್ಯಾಕ್ಟರಿಗೆ ಹೋದ್ರಿ. ನೆಲದಲ್ಲಿ ಕೂತು ಕೆಲಸ ಮಾಡುವ 50 ಹೆಂಗಸರಲ್ಲಿ 30 ಜನ ಮೊಣಕಾಲು ನೋವು ಅಂದ್ರು. ಬೆಂಚಿನಲ್ಲಿ ಕೂರುವ 50 ಜನರಲ್ಲಿ 20. ಪಿ ವ್ಯಾಲ್ಯೂ 0.05ರ ಕೆಳಗೆ ಹೇಗೋ ನುಸುಳಿತು. ನಿಮಗೆ ಖುಷಿಯೋ ಖುಷಿ: ನೆಲದಲ್ಲಿ ಕೂತರೆ ಮೊಣಕಾಲು ಹೋಗ್ತದೆ, ಪ್ರೂವ್ ಆಯ್ತು!

ನಿಲ್ಲಿ ಮಾರಾಯ್ರೆ. ನೆಲದಲ್ಲಿ ಕೂತವರೆಲ್ಲ ವಯಸ್ಸಾದವರಾ, ನೋಡಿದ್ರಾ? ನೋವು ತಡೆಯದೆ ಕೆಲಸವನ್ನೇ ಬಿಟ್ಟವರು ನಿಮ್ಮ ಲೆಕ್ಕದಲ್ಲಿ ಉಂಟಾ? ಒಂದೇ ದಿನ ಹೋಗಿ ಕೇಳಿದ್ದು ನೀವು. ನೋವು ಮೊದಲಾ, ಕೂತದ್ದು ಮೊದಲಾ, ಅದೂ ಗೊತ್ತಿಲ್ಲ. ವ್ಯತ್ಯಾಸ ನೂರಕ್ಕೆ 20 ಸರಿ, ಆದ್ರೆ ಕಾನ್ಫಿಡೆನ್ಸ್ ಇಂಟರ್ವಲ್ ಸುಮಾರು 1ರಿಂದ 39ರವರೆಗೆ! ಇಷ್ಟಗಲದ ಬಾಗಿಲಲ್ಲಿ ಆನೆಯೂ ಹೋಗ್ತದೆ, ಇಲಿಯೂ ಹೋಗ್ತದೆ.

ಹಾಗಾದ್ರೆ ಎಂತ ಬರೀಬೇಕು? ರಿಸಲ್ಟ್ಸ್‌ನಲ್ಲಿ ಸಂಕೋಚ ಬೇಡ. 30 ಜನ ನೋವು ಅಂದದ್ದು ನಿಜ, ‘ರಿಪೋರ್ಟೆಡ್’ ಅಂತ ನೇರ ಬರೀರಿ. ಅಲ್ಲಿ ‘ಮೇ’ ಸೇರಿಸಿದ್ರೆ ಎಣಿಸ್ಲಿಕ್ಕೇ ಬರೋದಿಲ್ಲ ಅಂದ ಹಾಗೆ. ‘ಶೋ’ ಬೇಕೇ ಬೇಕಾ? ಟೇಬಲ್‌ಗೆ ಕೊಡಿ: ‘ಟೇಬಲ್ 2 ಶೋಸ್’. ಯಾರೂ ಜಗಳಕ್ಕೆ ಬರೋದಿಲ್ಲ.

ಕೂತದ್ದಕ್ಕೂ ನೋವಿಗೂ ಗಂಟು ಹಾಕುವಾಗ ‘ವಾಸ್ ಅಸೋಸಿಯೇಟೆಡ್ ವಿತ್’. ಡಿಸ್ಕಶನ್‌ನಲ್ಲಿ ಕಾರಣದ ಮಾತೆತ್ತಿದ್ರೆ ‘ಸಜೆಸ್ಟ್’. ‘ಇಂಡಿಕೇಟ್’ ಅದಕ್ಕಿಂತ ಒಂದು ಮೆಟ್ಟಿಲು ಗಟ್ಟಿ, ಇಲ್ಲಿಗೆ ಜಾಸ್ತಿಯಾಯ್ತು. ಹಳೇ ಸಂಶೋಧನೆಗೆ ತಾಳೆಯಾದ್ರೆ ‘ಕನ್ಸಿಸ್ಟೆಂಟ್ ವಿತ್’. ಚೀಟಿ ಎತ್ತಿ ಅರ್ಧ ಜನರನ್ನು ಬೆಂಚಿಗೆ ಕಳಿಸಿ, ತಿಂಗಳುಗಟ್ಟಲೆ ಕಾದು ನೋಡಿದ್ರೆ ಆಗ ‘ರಿಡ್ಯೂಸ್ಡ್’ ಅನ್ನುವ ಧೈರ್ಯ ಬರ್ತದೆ. ಪ್ರೂವ್? ಅದನ್ನು ಮ್ಯಾಥ್ಸ್‌ನವರಿಗೆ ಬಿಡಿ.

ಇಷ್ಟು ಕೇಳಿ ನೀವೀಗ ‘ಮೇ ಪಾಸಿಬ್ಲಿ ಸಜೆಸ್ಟ್’ ಅಂತ ಬರೀತೀರಿ, ನಂಗೊತ್ತುಂಟು. (ಒಂದು ಸಾಕು ಮಾರಾಯ್ರೆ, ಮೂರು ಕೊಡೆ ಯಾಕೆ?) ‘ಪ್ರೂವ್’ ಅಂತ ಸರ್ಚ್ ಕೊಟ್ಟು ಎಲ್ಲ ಅಳಿಸಿದ್ರಾ? ಭೇಷ್. ಈಗ ಟೈಟಲ್ ಓದಿ. ‘ಎಫೆಕ್ಟ್ ಆಫ್ ಫ್ಲೋರ್ ಸಿಟ್ಟಿಂಗ್ ಆನ್…’ ಅಂತ ಉಂಟಲ್ಲ, ಅದನ್ನು ಯಾರು ತೆಗೆಯೋದು?